ಮೊದಲು ಒಂದು, ಆಮೇಲೆ ಹದಿನಾಲ್ಕು: ಫರ್ಮ್‌ವೇರ್ ನೋಡಿ ಲ್ಯಾಪ್‌ಟಾಪ್ ಕೊಳ್ಳೋದು ಹೇಗೆ

(ಸಣ್ಣ ಉದ್ಯಮ ನಡೆಸುವವರ ಮುಂದೆ ಮಾತಾಡಿದ್ದರ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ, ಮಧ್ಯೆ ಬಂದ ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಹದಿನಾಲ್ಕು ಜನ ಕೆಲಸ ಮಾಡುವ ಒಂದು ಲೆಕ್ಕಪತ್ರದ ಕಚೇರಿ. ಹಳೆಯ ಲ್ಯಾಪ್‌ಟಾಪ್‌ಗಳೆಲ್ಲ ಒಟ್ಟಿಗೇ ಸುಸ್ತಾದವು, ಹೊಸದು ಹದಿನಾಲ್ಕು ಬೇಕು. ಮಾಲೀಕರು ನನಗೆ ಮೂರು ಮಾದರಿಗಳ ವಿವರ ಕಳಿಸಿ "ಇದರಲ್ಲಿ ಸೇಫ್ ಯಾವುದು ಹೇಳಿ" ಅಂದರು. ಮೂರು ಹಾಳೆಯಲ್ಲೂ ಒಂದೇ ಸಾಲು: ಟಿಪಿಎಂ 2.0, ಸೆಕ್ಯೂರ್ ಬೂಟ್. ಮೊದಲನೆಯದು ಡಿಸ್ಕ್‌ನ ಬೀಗದ ಕೀಲಿಯಂಥ ಗುಟ್ಟುಗಳನ್ನು ಕಾಪಾಡುವ ಭಾಗ, ಎರಡನೆಯದು ಮಷೀನ್ ಆನ್ ಆಗುವಾಗ ಸಹಿ ಇಲ್ಲದ ಪ್ರೋಗ್ರಾಂ ಓಡದ ಹಾಗೆ ತಡೆಯುವ ವ್ಯವಸ್ಥೆ. ಹಾಳೆ ನೋಡಿ ಹೇಳೋಕೆ ಆಗಲ್ಲ, ಮೂರರಲ್ಲೂ ಒಂದೊಂದು ತರಿಸಿ, ಅರ್ಧ ದಿನ ಕೊಡಿ ಅಂದೆ. ಇವತ್ತಿನ ಮಾತು ಆ ಅರ್ಧ ದಿನದ ಬಗ್ಗೆ.

ಹಾಳೆಯ ಆ ಸಾಲು ಯಾಕೆ ಪ್ರಯೋಜನಕ್ಕೆ ಬರಲಿಲ್ಲ ಅಂದರೆ, ವಿಂಡೋಸ್ 11 ಓಡಬೇಕಾದರೆ ಟಿಪಿಎಂ 2.0 ಇರಲೇಬೇಕು, ಸೆಕ್ಯೂರ್ ಬೂಟ್ ಮಾಡುವ ಸಾಮರ್ಥ್ಯವೂ ಇರಲೇಬೇಕು. ಅಂದಮೇಲೆ ಇವತ್ತು ಮಾರಾಟಕ್ಕಿರುವ ಹೆಚ್ಚುಕಮ್ಮಿ ಎಲ್ಲ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲೂ ಎರಡೂ ಇವೆ. ಮನೆಗೆ ಬಾಗಿಲು ಇದೆ ಅಂತ ಜಾಹೀರಾತು ಕೊಟ್ಟ ಹಾಗೆ. ಬಾಗಿಲಿಗೆ ಬೀಗ ಹಾಕಿದ್ದಾರಾ, ಬೀಗದ ಕೀಲಿ ಯಾರ ಹತ್ತಿರ ಇದೆ, ಬೀಗ ಕೆಟ್ಟರೆ ರಿಪೇರಿಗೆ ಎಷ್ಟು ವರ್ಷ ಬರ್ತಾರೆ, ಈ ಮೂರು ಪ್ರಶ್ನೆಗೆ ಹಾಳೆಯಲ್ಲಿ ಉತ್ತರ ಇಲ್ಲ.

ಫರ್ಮ್‌ವೇರ್ ಅಂದರೆ ಏನು ಅಂತ ಒಂದೇ ನಿಮಿಷದಲ್ಲಿ ಹೇಳಿಬಿಡ್ತೀನಿ. ಮದರ್‌ಬೋರ್ಡ್ ಮೇಲೆ ಕಿರುಬೆರಳಿನ ಉಗುರಿಗಿಂತ ಚಿಕ್ಕ ಒಂದು ಚಿಪ್ ಇರುತ್ತದೆ. ಎಸ್‌ಪಿಐ ಫ್ಲ್ಯಾಶ್ ಅಂತಾರೆ, ಸಾಮಾನ್ಯವಾಗಿ 16 ಅಥವಾ 32 ಎಂಬಿ. ಪವರ್ ಬಟನ್ ಒತ್ತಿದಾಗ ಓಡುವ ಮೊದಲ ಪ್ರೋಗ್ರಾಂ ಅದರೊಳಗಿದೆ. ಜನ ಈಗಲೂ ಅದನ್ನು ಬಯೋಸ್ ಅಂತಲೇ ಕರೀತಾರೆ, ನಾನೂ ಹಾಗೇ ಕರೀತೀನಿ, ಸರಿಯಾದ ಹೆಸರು ಯುಇಎಫ್‌ಐ. ಆ ಚಿಪ್‌ನೊಳಗೆ ಯಾರಾದರೂ ತಮ್ಮ ಕೋಡ್ ಬರೆದುಬಿಟ್ಟರೆ ವಿಂಡೋಸ್ ಹೊಸದಾಗಿ ಹಾಕಿದರೂ ಹೋಗಲ್ಲ, ಎಸ್‌ಎಸ್‌ಡಿ ಬದಲಿಸಿದರೂ ಹೋಗಲ್ಲ. ಆಂಟಿವೈರಸ್ ಏಳುವುದಕ್ಕೆ ಎಷ್ಟೋ ಮುಂಚೆ ಅದು ಎದ್ದು ಕೂತಿರುತ್ತದೆ.

ಇದು ಕತೆಯಲ್ಲ. 2018ರಲ್ಲಿ ಇಸೆಟ್ ಸಂಸ್ಥೆಯವರು ಲೋಜ್ಯಾಕ್ಸ್ ಅನ್ನುವುದನ್ನು ಹಿಡಿದರು. ನಿಜವಾದ ದಾಳಿಯಲ್ಲಿ ಸಿಕ್ಕಿದ ಮೊದಲ ಯುಇಎಫ್‌ಐ ರೂಟ್‌ಕಿಟ್ ಅದು, ಅಂದರೆ ಫರ್ಮ್‌ವೇರ್‌ನಲ್ಲೇ ಅಡಗಿ ಕೂರುವ ಕಳ್ಳ ಪ್ರೋಗ್ರಾಂ. ನನಗೆ ಅದರಲ್ಲಿ ಕುತೂಹಲದ ಸಂಗತಿ ಅಂದರೆ ಅದು ಒಳಗೆ ಹೋದ ರೀತಿ. ಯಾವ ಮಂತ್ರವಿದ್ಯೆಯೂ ಇಲ್ಲ. ಹಾರ್ಡ್‌ವೇರ್ ಪರೀಕ್ಷೆಗೆ ಅಂತ ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಒಂದು ಟೂಲ್‌ನ ಡ್ರೈವರ್ ಬಳಸಿ ಚಿಪ್ ಓದಿತು, ತನ್ನದನ್ನು ಸೇರಿಸಿತು, ವಾಪಸ್ ಬರೆಯಿತು. ಬರೆಯೋಕೆ ಆದದ್ದು ಯಾಕೆ? ಆ ಕಂಪ್ಯೂಟರ್ ತಯಾರಿಸಿದವರು ಚಿಪ್‌ನ ಬರಹ ಬೀಗವನ್ನು ಸರಿಯಾಗಿ ಹಾಕಿರಲಿಲ್ಲ, ಅಷ್ಟೇ. ಬೀಗ ಇತ್ತು, ಹಾಕಿರಲಿಲ್ಲ.

ಹಾಗಾಗಿ ಸ್ಯಾಂಪಲ್ ಮಷೀನ್ ಬಂದ ತಕ್ಷಣ ನಾನು ನೋಡೋದು ಬೀಗ ಹಾಕಿದೆಯಾ ಅಂತ. ಆಮೇಲೆ ಕೀಲಿ ಯಾರದು ಅಂತ. ಕೊನೆಗೆ ರಿಪೇರಿ.

ಬೀಗ ಹಾಕಿದೆಯಾ

ಇದಕ್ಕೆ ಅತಿ ಸುಲಭದ ಪರೀಕ್ಷೆ ಲಿನಕ್ಸ್‌ನಲ್ಲಿದೆ. ಗಾಬರಿ ಬೇಡ, ನಿಮ್ಮ ಕಚೇರಿಗೆ ಲಿನಕ್ಸ್ ಹಾಕಿ ಅಂತ ಹೇಳ್ತಿಲ್ಲ. ಒಂದು ಪೆನ್‌ಡ್ರೈವ್‌ಗೆ ಉಬುಂಟು ಅಥವಾ ಫೆಡೋರಾ ಹಾಕಿಕೊಂಡು, ಇನ್‌ಸ್ಟಾಲ್ ಮಾಡದೆ ಹಾಗೇ ಪೆನ್‌ಡ್ರೈವ್‌ನಿಂದಲೇ ಓಡಿಸಿ, ಟರ್ಮಿನಲ್ ತೆಗೆದು ಒಂದು ಸಾಲು ಟೈಪ್ ಮಾಡಬೇಕು.

```
fwupdmgr security
```

ಕೆಲವು ಸೆಕೆಂಡ್‌ಗಳಲ್ಲಿ ಒಂದು ಪಟ್ಟಿ ಬರುತ್ತದೆ. ಮೇಲೆ `Host Security ID: HSI:2` ಅನ್ನುವ ತರಹ ಒಂದು ಅಂಕಿ, ಕೆಳಗೆ ಆ ಅಂಕಿ ಯಾಕೆ ಬಂತು ಅಂತ ಸಾಲು ಸಾಲಾಗಿ ವಿವರ. ಇಂಟೆಲ್ ಮಷೀನ್ ಒಂದರಲ್ಲಿ ಮೊದಲ ಕೆಲವು ಸಾಲು ಹೀಗಿರುತ್ತವೆ, ಟೂಲ್‌ನ ಆವೃತ್ತಿ ಬೇರೆಯಾದರೆ ಪದಗಳು ಸ್ವಲ್ಪ ಆಚೀಚೆ ಆಗಬಹುದು:

```
✔ SPI write:          Disabled
✔ SPI lock:           Enabled
✔ SPI BIOS region:    Locked
✔ TPM v2.0:           Found
✔ UEFI platform key:  Valid
```

ಮೊದಲ ಸಾಲು ನೋಡಿ ಎಲ್ಲರೂ ಒಂದು ಸಲ ಬೆಚ್ಚಿಬೀಳ್ತಾರೆ, `Disabled` ಅಂತ ಇದೆಯಲ್ಲ ಅಂತ. ಅದು ಒಳ್ಳೆಯ ಸುದ್ದಿ. ಬರೆಯುವುದು ನಿಂತಿದೆ ಅಂತ ಅರ್ಥ. ಪದ ನೋಡಬೇಡಿ, ಎಡಗಡೆಯ ಟಿಕ್ ಗುರುತು ನೋಡಿ. ಈ ಮೊದಲ ಮೂರು ಸಾಲು ಲೋಜ್ಯಾಕ್ಸ್ ಕತೆಯ ಬೀಗಗಳೇ. ಇಲ್ಲಿ ಟಿಕ್ ಬದಲು ಅಡ್ಡಗೀಟು ಬಂದರೆ ನಾನು ಮುಂದೆ ನೋಡೋದೇ ಇಲ್ಲ, ಮಷೀನ್ ವಾಪಸ್. ಯಾಕೆಂದರೆ ಇದು ನೀವು ಸೆಟ್ಟಿಂಗ್ ಬದಲಿಸಿ ಸರಿಮಾಡುವಂಥದ್ದಲ್ಲ, ಕಾರ್ಖಾನೆಯಲ್ಲಿ ಕೊನೆಯ ಹಂತದಲ್ಲಿ ಮಾಡಬೇಕಾದ ಕೆಲಸ ಬಿಟ್ಟುಹೋಗಿದೆ ಅಂತ.

ಅದೇ ಪಟ್ಟಿಯಲ್ಲಿ ಮ್ಯಾನುಫ್ಯಾಕ್ಚರಿಂಗ್ ಮೋಡ್ ಅಂತ ಒಂದು ಸಾಲು ಬರುತ್ತದೆ, ಇಂಟೆಲ್ ಮಷೀನ್‌ಗಳಲ್ಲಿ. ಮದರ್‌ಬೋರ್ಡ್ ಕಾರ್ಖಾನೆಯಲ್ಲಿದ್ದಾಗ ಎಲ್ಲ ಬಾಗಿಲೂ ತೆರೆದಿರುತ್ತವೆ, ಪರೀಕ್ಷೆ ಮಾಡಬೇಕಲ್ಲ. ಪ್ಯಾಕ್ ಮಾಡುವ ಮುಂಚೆ ಆ ಸ್ಥಿತಿಯನ್ನು ಮುಚ್ಚಬೇಕು. ಮರೆತು ಕಳಿಸಿದ ಉದಾಹರಣೆಗಳು ದೊಡ್ಡ ಕಂಪನಿಗಳಲ್ಲೂ ಇವೆ. 2018ರಲ್ಲಿ ಆಪಲ್‌ನ ಲ್ಯಾಪ್‌ಟಾಪ್‌ಗಳಲ್ಲೇ ಇದು ಸಿಕ್ಕಿ, ಅವರು ಅಪ್‌ಡೇಟ್ ಕೊಟ್ಟು ಮುಚ್ಚಬೇಕಾಯಿತು. ಎಎಂಡಿ ಮಷೀನ್‌ನಲ್ಲಿ ಈ ಜಾಗದಲ್ಲಿ `Fused platform` ಅಂತ ಸಾಲು ಇರುತ್ತದೆ, ಅದು `Locked` ಅನ್ನಬೇಕು.

ಇನ್ನು ಇಂಟೆಲ್ ಬೂಟ್ ಗಾರ್ಡ್, ಎಎಂಡಿಯಲ್ಲಾದರೆ ಪ್ಲಾಟ್‌ಫಾರ್ಮ್ ಸೆಕ್ಯೂರ್ ಬೂಟ್. ಸೆಕ್ಯೂರ್ ಬೂಟ್‌ಗೂ ಇದಕ್ಕೂ ಹೆಸರು ಹತ್ತಿರ, ಕೆಲಸ ಬೇರೆ. ಸೆಕ್ಯೂರ್ ಬೂಟ್ ಅಂದರೆ ಫರ್ಮ್‌ವೇರ್ ವಿಂಡೋಸ್‌ನ ಸಹಿ ನೋಡುವುದು. ಸರಿ, ಫರ್ಮ್‌ವೇರ್‌ನ ಸಹಿ ನೋಡುವವರು ಯಾರು? ಬೂಟ್ ಗಾರ್ಡ್. ತಯಾರಕರ ಕೀಲಿಯ ಗುರುತನ್ನು ಚಿಪ್‌ಸೆಟ್‌ನಲ್ಲೇ ಸುಟ್ಟು ಕೂರಿಸಿರುತ್ತಾರೆ, ಅಳಿಸೋಕೆ ಆಗಲ್ಲ. ಅದು ಇಲ್ಲದಿದ್ದರೆ ಕಾವಲುಗಾರನನ್ನೇ ಬದಲಿಸಿ ಒಳಗೆ ಬರಬಹುದು, ಕಾವಲುಗಾರ ಎಷ್ಟು ಕಟ್ಟುನಿಟ್ಟಾಗಿದ್ದರೂ ಪ್ರಯೋಜನ ಏನು?

ಅಂಕಿಯ ಬಗ್ಗೆ ಒಂದು ಮಾತು. ಕಚೇರಿ ಕೆಲಸಕ್ಕೆ HSI:3 ಬಂದರೆ ನಾನು ಖುಷಿಯಾಗಿ ತಗೋತೀನಿ. 2 ಬಂದರೆ ಯಾವ ಸಾಲು ತಡೆಯಿತು ಅಂತ ನೋಡ್ತೀನಿ. 4 ಬೇಕು ಅಂತ ಹಠ ಮಾಡಬೇಡಿ, ಅದಕ್ಕೆ ರ‍್ಯಾಮ್‌ನಲ್ಲಿರುವುದೂ ಗೂಢಲಿಪಿಯಲ್ಲಿ ಇರಬೇಕು, ಆ ಸೌಲಭ್ಯ ಎಷ್ಟೋ ಒಳ್ಳೆಯ ಮಾದರಿಗಳಲ್ಲೇ ಇಲ್ಲ. ಅಂಕಿಯ ಪಕ್ಕ ಆಶ್ಚರ್ಯಸೂಚಕ ಚಿಹ್ನೆ ಕಂಡರೆ, ಅಂದರೆ `HSI:3!` ಅಂತ, ಅದು ಆ ಹೊತ್ತಿಗೆ ಓಡುತ್ತಿರುವ ಲಿನಕ್ಸ್‌ನ ಮೇಲಿನ ತಕರಾರು. ನೀವು ಕೊನೆಗೆ ವಿಂಡೋಸ್ ಓಡಿಸುವವರಾದರೆ ಅದನ್ನು ಬಿಟ್ಟುಬಿಡಿ.

ಒಬ್ಬರು ಕೇಳಿದರು, "ಪೆನ್‌ಡ್ರೈವ್ ಹಾಕಿದರೆ ಬೂಟೇ ಆಗಲ್ಲ ಅನ್ನುತ್ತೆ, ಆಗ?" ಹೌದು, ಕೆಲವು ಬಿಸಿನೆಸ್ ಮಾದರಿಗಳಲ್ಲಿ ಮೈಕ್ರೋಸಾಫ್ಟ್ ತನ್ನ ವಿಂಡೋಸ್ ಬಿಟ್ಟು ಬೇರೆಯವರಿಗೆ ಸಹಿ ಹಾಕಿಕೊಡುವ ಸರ್ಟಿಫಿಕೇಟನ್ನು ಮೊದಲೇ ಆಫ್ ಮಾಡಿ ಕಳಿಸುತ್ತಾರೆ. ಅದು ದೋಷ ಅಲ್ಲ, ಎಚ್ಚರಿಕೆ. ಬಯೋಸ್ ಸೆಟಪ್‌ಗೆ ಹೋಗಿ `3rd Party UEFI CA` ಅನ್ನುವ ಹೆಸರಿನ ಆಯ್ಕೆ ಆನ್ ಮಾಡಿ, ಪರೀಕ್ಷೆ ಮುಗಿದ ಮೇಲೆ ಮರೀದೆ ಆಫ್ ಮಾಡಿ. ಸೆಕ್ಯೂರ್ ಬೂಟನ್ನೇ ಆಫ್ ಮಾಡೋಕೆ ಹೋಗಬೇಡಿ. ಮತ್ತೆ ಇದನ್ನೆಲ್ಲ ಮಷೀನ್ ಬಂದ ಮೊದಲ ದಿನವೇ, ಅದರೊಳಗೆ ಕೆಲಸದ ಫೈಲ್ ಏನೂ ಇಲ್ಲದಾಗ ಮಾಡಿ. ಇಂಥ ಸೆಟ್ಟಿಂಗ್ ಮುಟ್ಟಿದರೆ ಡಿಸ್ಕನ್ನು ಗೂಢಲಿಪಿಯಲ್ಲಿಡುವ ವಿಂಡೋಸ್‌ನ ಬಿಟ್‌ಲಾಕರ್‌ಗೆ ಅನುಮಾನ ಬಂದು ರಿಕವರಿ ಕೀ ಕೇಳುತ್ತದೆ. 48 ಅಂಕಿಯ ಆ ಕೀ ಎಲ್ಲಿದೆ ಅಂತ ಹುಡುಕುವ ಸಂಕಟ ನಾನು ಒಮ್ಮೆ ಪಟ್ಟಿದ್ದೇನೆ, ಸಾಕು.

ಕೀಲಿ ಯಾರ ಹತ್ತಿರ ಇದೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಆ ಕಚೇರಿಯ ಮೊದಲ ಮಾದರಿ ಬಿದ್ದುಹೋಗಿದ್ದು ಇಲ್ಲೇ.

ಸೆಕ್ಯೂರ್ ಬೂಟ್‌ನಲ್ಲಿ ಕೀಲಿಗಳ ಒಂದು ಮೆಟ್ಟಿಲು ಇದೆ. ಎಲ್ಲದಕ್ಕಿಂತ ಮೇಲೆ ಪ್ಲಾಟ್‌ಫಾರ್ಮ್ ಕೀ, ಚುಟುಕಾಗಿ ಪಿಕೆ. ಇದು ಲ್ಯಾಪ್‌ಟಾಪ್ ತಯಾರಕರದ್ದು. ಅದರ ಕೆಳಗೆ ಕೆಇಕೆ, ಅದರಲ್ಲಿ ಮೈಕ್ರೋಸಾಫ್ಟ್‌ನ ಕೀಲಿ ಇರುತ್ತದೆ. ಅದರ ಕೆಳಗೆ ಎರಡು ಪಟ್ಟಿ: ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು. ಮೇಲಿನ ಮೆಟ್ಟಿಲಿನವರು ಸಹಿ ಹಾಕಿದರೆ ಮಾತ್ರ ಕೆಳಗಿನದನ್ನು ಬದಲಿಸಬಹುದು.

ಈಗ ಪಿಕೆ ಕತೆ. ಫರ್ಮ್‌ವೇರ್ ಬರೆಯುವ ಕಂಪನಿಗಳು ಲ್ಯಾಪ್‌ಟಾಪ್ ತಯಾರಕರಿಗೆ ಮಾದರಿ ಕೋಡ್ ಕೊಡುವಾಗ ಅದರಲ್ಲಿ ಒಂದು ಪರೀಕ್ಷೆಯ ಕೀಲಿ ಇಟ್ಟಿರುತ್ತಾರೆ. ಹೆಸರಲ್ಲೇ ಬರೆದಿರುತ್ತಾರೆ, `DO NOT TRUST` ಅಂತ, ಇಲ್ಲವೇ `DO NOT SHIP` ಅಂತ. ಇದನ್ನು ತೆಗೆದು ನಿಮ್ಮ ಸ್ವಂತ ಕೀಲಿ ಹಾಕಿಕೊಳ್ಳಿ ಅಂತ ಅದರ ಅರ್ಥ. 2024ರ ಜುಲೈನಲ್ಲಿ ಬೈನಾರ್ಲಿ ಅನ್ನುವ ಸಂಸ್ಥೆ ಹೊರಹಾಕಿದ್ದು ಏನೆಂದರೆ, ನೂರಾರು ಮಾದರಿಗಳು ಆ ಪರೀಕ್ಷೆಯ ಕೀಲಿಯನ್ನೇ ಇಟ್ಟುಕೊಂಡು ಮಾರಾಟವಾಗಿವೆ, ಹತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ. ಅಂಥ ಒಂದು ಕೀಲಿಯ ಗುಟ್ಟಿನ ಭಾಗ ಅಂತರ್ಜಾಲದಲ್ಲಿ ಬಯಲಾಗಿಯೂ ಇತ್ತು. ಅದಕ್ಕೆ ಪಿಕೆಫೇಲ್ ಅಂತ ಹೆಸರಿಟ್ಟರು. ಆ ಕೀಲಿ ಇರುವ ಮಷೀನ್‌ನಲ್ಲಿ ಸೆಕ್ಯೂರ್ ಬೂಟ್ ಆನ್ ಅಂತಲೇ ತೋರಿಸುತ್ತದೆ. ಅಧಿಕಾರ ಸಿಕ್ಕಿದ ಕಳ್ಳ ತನ್ನ ಹೆಸರನ್ನು ಒಳಬಿಡುವ ಪಟ್ಟಿಗೆ ತಾನೇ ಸಹಿ ಹಾಕಿ ಸೇರಿಸಿಕೊಳ್ಳಬಹುದು, ಅಷ್ಟೇ ವ್ಯತ್ಯಾಸ.

ವಿಂಡೋಸ್‌ನಲ್ಲೇ ಇದನ್ನು ನೋಡಬಹುದು. ಪವರ್‌ಶೆಲ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆಗೆದು:

```
[System.Text.Encoding]::ASCII.GetString((Get-SecureBootUEFI PK).bytes) -match "DO NOT TRUST|DO NOT SHIP"
```

`False` ಬರಬೇಕು. ಆ ಕಚೇರಿಗೆ ಬಂದ ಮೊದಲನೆಯ ಮಾದರಿ ನೋಡೋಕೆ ಚೆಂದ, ತೂಕ ಕಮ್ಮಿ, ರ‍್ಯಾಮ್ ಮೂರರಲ್ಲಿ ಜಾಸ್ತಿ. ಈ ಸಾಲು ಹಾಕಿದೆ, `True` ಅಂತ ಬಂತು. ಟೈಪ್ ಮಾಡಿದ್ದು ತಪ್ಪಿರಬೇಕು ಅಂದುಕೊಂಡು ಮತ್ತೊಮ್ಮೆ ಹಾಕಿದೆ. `True`. ಮೇಲೆ ಹೇಳಿದ ಲಿನಕ್ಸ್ ಪಟ್ಟಿಯಲ್ಲೂ `UEFI platform key` ಸಾಲಿಗೆ ಟಿಕ್ ಇರಲಿಲ್ಲ. ಮಾರಿದವರಿಗೆ ಫೋನ್ ಮಾಡಿ "ನಿಮ್ಮ ಮಷೀನ್‌ನಲ್ಲಿ ನಂಬಬೇಡಿ ಅಂತ ಬರೆದ ಕೀಲಿ ಇದೆ" ಅಂದರೆ, ಆ ಕಡೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು "ಸರ್, ಸ್ಕ್ರೀನ್ ಏನಾದರೂ ತೊಂದರೆ ಇದೆಯಾ?" ಅಂತ ಕೇಳಿದರು. ಅವರ ತಪ್ಪಲ್ಲ ಬಿಡಿ. ಮಷೀನ್ ವಾಪಸ್ ಹೋಯಿತು.

ಈ ಕೀಲಿಗಳ ವಿಷಯದಲ್ಲಿ ಇನ್ನೊಂದು ಇದೆ, ದಿನಾಂಕದ್ದು. ಸೆಕ್ಯೂರ್ ಬೂಟ್‌ಗೆ ಮೈಕ್ರೋಸಾಫ್ಟ್ 2011ರಲ್ಲಿ ಮಾಡಿದ ಸರ್ಟಿಫಿಕೇಟ್‌ಗಳೇ ಇಷ್ಟು ವರ್ಷ ನಡೆದವು. ಅವುಗಳ ಅವಧಿ 2026ರ ಜೂನ್‌ನಿಂದ ಅಕ್ಟೋಬರ್‌ವರೆಗೆ ಒಂದೊಂದಾಗಿ ಮುಗಿಯುತ್ತದೆ. ಅವಧಿ ಮುಗಿದ ದಿನ ಲ್ಯಾಪ್‌ಟಾಪ್ ನಿಂತುಹೋಗಲ್ಲ, ಆ ಭಯ ಬೇಡ. ಆದರೆ ಹೊಸ 2023ರ ಸರ್ಟಿಫಿಕೇಟ್ ಇಲ್ಲದ ಮಷೀನ್‌ಗೆ ಅದರಾಚೆ ಬೂಟ್ ಹಂತದ ಸುರಕ್ಷತಾ ಅಪ್‌ಡೇಟ್‌ಗಳು ಸಿಗುವುದು ನಿಲ್ಲುತ್ತದೆ. ಇದು ಯಾಕೆ ಮುಖ್ಯ ಅಂದರೆ 2023ರಲ್ಲಿ ಬ್ಲ್ಯಾಕ್‌ಲೋಟಸ್ ಅನ್ನುವ ಬೂಟ್‌ಕಿಟ್, ಅಂದರೆ ವಿಂಡೋಸ್ ಏಳುವ ಮುಂಚೆಯೇ ಓಡುವ ಕಳ್ಳ ಪ್ರೋಗ್ರಾಂ, ಸೆಕ್ಯೂರ್ ಬೂಟ್ ಆನ್ ಇದ್ದ ವಿಂಡೋಸ್ 11ರಲ್ಲೇ ಒಳಗೆ ನುಗ್ಗಿತು. ಮೈಕ್ರೋಸಾಫ್ಟ್ ಸಹಿ ಇದ್ದ, ಆದರೆ ದೋಷವಿದ್ದ ಹಳೆಯ ಬೂಟ್ ಫೈಲ್‌ಗಳನ್ನೇ ಅದು ಜೊತೆಯಲ್ಲಿ ತಂದಿತ್ತು. ಅಂಥವನ್ನು ಒಳಬಿಡಬಾರದ ಪಟ್ಟಿಗೆ ಸೇರಿಸುವುದು ಈ ಅಪ್‌ಡೇಟ್‌ಗಳ ಕೆಲಸ.

ಹೊಸ ಲ್ಯಾಪ್‌ಟಾಪ್ ಕೊಳ್ಳುವಾಗ ಹೊಸ ಸರ್ಟಿಫಿಕೇಟ್ ಒಳಗೆ ಇದೆಯಾ ಅಂತ ಹೀಗೆ ನೋಡಿ, `True` ಬರಬೇಕು:

```
[System.Text.Encoding]::ASCII.GetString((Get-SecureBootUEFI db).bytes) -match "Windows UEFI CA 2023"
```

ಇಲ್ಲಿ ತಯಾರಕರ ಪಾತ್ರ ಗಮನಿಸಿ. ಕೆಇಕೆ ಬದಲಾಗಬೇಕಾದರೆ ಪಿಕೆ ಇಟ್ಟುಕೊಂಡವರು ಸಹಿ ಹಾಕಿಕೊಡಬೇಕು ಅಂದೆನಲ್ಲ. ಅಂದರೆ ಮೈಕ್ರೋಸಾಫ್ಟ್ ಒಂದರಿಂದಲೇ ಆಗುವ ಕೆಲಸ ಅಲ್ಲ ಇದು. ಲ್ಯಾಪ್‌ಟಾಪ್ ಮಾಡಿದ ಕಂಪನಿ ಎದ್ದು ಕೂತು ಹಳೆಯ ಮಾದರಿಗಳಿಗೂ ಸಹಿ ಹಾಕಿ ಕಳಿಸಬೇಕು. ಮಾರಿ ಕೈತೊಳೆದುಕೊಂಡ ಕಂಪನಿಯ ಮಷೀನ್ ಅಲ್ಲೇ ನಿಲ್ಲುತ್ತದೆ.

ರಿಪೇರಿಗೆ ಎಷ್ಟು ವರ್ಷ ಬರ್ತಾರೆ

ಮೂರು ಪ್ರಶ್ನೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಇದು. ಇವತ್ತು ಎಲ್ಲ ಟಿಕ್ ಇರುವ ಮಷೀನ್ ಇನ್ನೆರಡು ವರ್ಷಕ್ಕೆ ತೂತು ಆಗಿರಬಹುದು. ತಯಾರಕರನ್ನು ಕೇಳಿದರೆ ಎಲ್ಲರೂ "ನಮ್ಮದು ದೀರ್ಘಕಾಲದ ಸಪೋರ್ಟ್" ಅಂತಾರೆ. ಮಾತು ನಂಬಬೇಡಿ, ಅವರು ಹಿಂದೆ ಮಾಡಿದ್ದನ್ನು ನೋಡಿ. ಅದಕ್ಕೆ ನಾನು ಮಾಡುವ ಉಪಾಯ ಹೀಗಿದೆ.

ನೀವು ಕೊಳ್ಳಬೇಕೆಂದಿರುವ ಮಾದರಿಯ ಪುಟ ತೆಗೀಬೇಡಿ. ಅದೇ ಸಾಲಿನ ಮೂರು ವರ್ಷ ಹಿಂದಿನ ಮಾದರಿಯ ಪುಟ ತೆಗೀರಿ. ತಯಾರಕರ ಸಪೋರ್ಟ್ ಪುಟದಲ್ಲಿ ಬಯೋಸ್ ಅಂತ ಒಂದು ವಿಭಾಗ ಇರುತ್ತದೆ, ಅಲ್ಲಿ ಹಳೆಯ ಆವೃತ್ತಿಗಳು ದಿನಾಂಕದ ಸಮೇತ ಇರುತ್ತವೆ. ಈಗ ಎಲ್ಲರಿಗೂ ಒಂದೇ ದಿನ ಗೊತ್ತಾದ ಒಂದು ದೊಡ್ಡ ದೋಷ ಆರಿಸಿಕೊಳ್ಳಿ. ನಾನು ಲೋಗೋಫೇಲ್ ಆರಿಸ್ತೀನಿ. 2023ರ ಡಿಸೆಂಬರ್ ಮೊದಲ ವಾರದಲ್ಲಿ ಅದರ ವಿವರ ಹೊರಬಂತು. ಮಷೀನ್ ಆನ್ ಆದಾಗ ಕಂಪನಿಯ ಲೋಗೋ ಬರುತ್ತದಲ್ವಾ, ಆ ಚಿತ್ರವನ್ನು ಓದುವ ಕೋಡ್‌ನಲ್ಲಿ ದೋಷ. ತಿರುಚಿದ ಒಂದು ಚಿತ್ರ ಇಟ್ಟರೆ ಸಾಕು, ಫರ್ಮ್‌ವೇರ್ ಒಳಗೇ ಬೇರೆಯವರ ಕೋಡ್ ಓಡುತ್ತದೆ. ಫರ್ಮ್‌ವೇರ್ ಬರೆಯುವ ಮೂರು ದೊಡ್ಡ ಕಂಪನಿಗಳ ಕೋಡ್‌ನಲ್ಲೂ ಇದ್ದ ಕಾರಣ ಸುಮಾರು ಎಲ್ಲ ತಯಾರಕರಿಗೂ ತಟ್ಟಿತು. ಎಲ್ಲರಿಗೂ ಒಂದೇ ದಿನ ಒಂದೇ ಪರೀಕ್ಷೆ ಕೊಟ್ಟ ಹಾಗೆ.

ತಯಾರಕರ ಸೆಕ್ಯೂರಿಟಿ ಪ್ರಕಟಣೆಗಳ ಪುಟದಲ್ಲಿ `LogoFAIL` ಅಂತ ಹುಡುಕಿ. ಆ ಹಳೆಯ ಮಾದರಿಯ ಹೆಸರು ಅದರಲ್ಲಿದೆಯಾ? ಎಷ್ಟನೇ ಆವೃತ್ತಿಯಲ್ಲಿ ಸರಿಮಾಡಿದ್ದಾರೆ? ಆ ಆವೃತ್ತಿಯ ದಿನಾಂಕ ಏನು? ಡಿಸೆಂಬರ್‌ನಿಂದ ಮೂರು ನಾಲ್ಕು ತಿಂಗಳೊಳಗೆ ಬಂದಿದ್ದರೆ ಒಳ್ಳೆಯವರು. ಒಂದು ವರ್ಷ ಆಗಿದ್ದರೆ ಯೋಚಿಸಿ. ಪ್ರಕಟಣೆಗಳ ಪುಟವೇ ಇಲ್ಲ, ಆವೃತ್ತಿಯ ವಿವರದಲ್ಲಿ "ಸ್ಥಿರತೆ ಹೆಚ್ಚಿಸಲಾಗಿದೆ" ಅಂತ ಮಾತ್ರ ಇದೆ ಅಂದರೆ ನನ್ನ ಮಟ್ಟಿಗೆ ಅಲ್ಲಿಗೆ ಮುಗಿಯಿತು.

ಆ ಕಚೇರಿಯ ಎರಡನೇ ಮಾದರಿ ಹೀಗೆ ಸೋತಿತು. ಮಷೀನ್ ಚೆನ್ನಾಗಿತ್ತು, ನಿಜ ಹೇಳಬೇಕು. HSI:3 ಬಂದಿತ್ತು, ಪಿಕೆ ಸರಿ ಇತ್ತು, 2023ರ ಸರ್ಟಿಫಿಕೇಟೂ ಇತ್ತು. ಆದರೆ ಅದೇ ಸಾಲಿನ ಮೂರು ವರ್ಷ ಹಳೆಯ ಮಾದರಿಗೆ ಮಾರುಕಟ್ಟೆಗೆ ಬಂದ ಮೊದಲ ವರ್ಷದಲ್ಲಿ ನಾಲ್ಕು ಬಯೋಸ್ ಅಪ್‌ಡೇಟ್, ಎರಡನೇ ವರ್ಷ ಒಂದು, ಆಮೇಲೆ ಏನೂ ಇಲ್ಲ. ಲೋಗೋಫೇಲ್ ಬಂದಾಗ ಆ ಮಾದರಿಗೆ ಒಂದೂವರೆ ವರ್ಷವೂ ತುಂಬಿರಲಿಲ್ಲ, ಆದರೂ ಸರಿಮಾಡಿದ ಆವೃತ್ತಿ ಕಾಣಲಿಲ್ಲ. ಈ ಕಚೇರಿಯವರು ಲ್ಯಾಪ್‌ಟಾಪನ್ನು ಐದು ವರ್ಷ ಓಡಿಸುವವರು. ಮಾಲೀಕರಿಗೆ ಆ ಮಷೀನ್ ಮನಸ್ಸಿಗೆ ಹಿಡಿದಿತ್ತು, "ಹೊಸದಕ್ಕೆ ಹಾಗೆ ಮಾಡ್ತಾರೆ ಅಂತ ಏನು ಗ್ಯಾರಂಟಿ?" ಅಂದರು. ಗ್ಯಾರಂಟಿ ಇಲ್ಲ. ಹಾಗೆ ಮಾಡಲ್ಲ ಅನ್ನುವುದಕ್ಕೂ ಏನೂ ಸಿಗಲಿಲ್ಲ.

ಸಾಮಾನ್ಯವಾಗಿ ಒಂದೇ ಕಂಪನಿಯೊಳಗೇ ಮನೆಬಳಕೆಯ ಸಾಲಿಗೂ ಬಿಸಿನೆಸ್ ಸಾಲಿಗೂ ಈ ವಿಷಯದಲ್ಲಿ ತುಂಬ ಅಂತರ ಇರುತ್ತದೆ. ಕಂಪನಿಯ ಹೆಸರು ನೋಡಿ ತೀರ್ಮಾನ ಮಾಡಬೇಡಿ, ಸಾಲು ನೋಡಿ.

ಅಪ್‌ಡೇಟ್ ಬಿಡುಗಡೆ ಆದರೆ ಸಾಲದು, ನಿಮ್ಮ ಮಷೀನ್‌ಗೆ ತಾನಾಗೇ ಬರಬೇಕು. ಹದಿನಾಲ್ಕು ಲ್ಯಾಪ್‌ಟಾಪ್‌ಗೆ ತಿಂಗಳು ತಿಂಗಳು ಪೆನ್‌ಡ್ರೈವ್ ಹಿಡಿದು ಓಡಾಡುವವರು ಯಾರೂ ಇಲ್ಲ, ಮೊದಲ ಸಲ ಮಾಡ್ತಾರೆ, ಎರಡನೇ ಸಲ ಮರೀತಾರೆ. ಸ್ಯಾಂಪಲ್‌ನಲ್ಲಿ ವಿಂಡೋಸ್‌ನ `Device Manager` ತೆಗೆದು `Firmware` ಅನ್ನುವ ವಿಭಾಗ ಇದೆಯಾ ನೋಡಿ. ಅದರ ಕೆಳಗೆ `System Firmware` ಇದ್ದರೆ ವಿಂಡೋಸ್ ಮೂಲಕ ಬಯೋಸ್ ಅಪ್‌ಡೇಟ್ ಮಾಡುವ ದಾರಿ ಆ ಮಷೀನ್‌ನಲ್ಲಿದೆ. ದಾರಿ ಇದೆ ಅಂದಮಾತ್ರಕ್ಕೆ ತಯಾರಕರು ಅದರಲ್ಲಿ ಕಳಿಸುತ್ತಾರೆ ಅಂತಲ್ಲ. ವಿಂಡೋಸ್ ಅಪ್‌ಡೇಟ್ ಪೂರ್ತಿ ಓಡಿಸಿ, ಅಪ್‌ಡೇಟ್ ಇತಿಹಾಸದಲ್ಲಿ ಫರ್ಮ್‌ವೇರ್ ಅಂತ ಏನಾದರೂ ಬಂತಾ ನೋಡಿ, ಆಗ ಗೊತ್ತಾಗುತ್ತದೆ.

"ಅಪ್‌ಡೇಟ್ ಮಾಡುವಾಗ ಕರೆಂಟ್ ಹೋದರೆ ಮಷೀನ್ ಸತ್ತೇಹೋಗುತ್ತಲ್ವಾ?" ಅಂತ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಈ ಭಯದಿಂದಲೇ ಎಷ್ಟೋ ಜನ ಬಯೋಸ್ ಮುಟ್ಟುವುದೇ ಇಲ್ಲ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ಆದರೂ ನಡುವೆ ಕೆಡುವುದು ಉಂಟು. ಅಮೆರಿಕದ ನಿಸ್ಟ್ ಸಂಸ್ಥೆ 2018ರಲ್ಲಿ ಫರ್ಮ್‌ವೇರ್ ಬಗ್ಗೆ ಒಂದು ಮಾರ್ಗಸೂಚಿ ಹೊರತಂದಿತು, ಸಂಖ್ಯೆ 800-193. ಅದು ಮೂರು ಕೇಳುತ್ತದೆ: ಕಾಪಾಡಬೇಕು, ಕೆಟ್ಟರೆ ಗೊತ್ತಾಗಬೇಕು, ಕೆಟ್ಟಿದ್ದನ್ನು ವಾಪಸ್ ಸರಿಮಾಡಿಕೊಳ್ಳಬೇಕು. ಮೂರನೆಯದು ಇರುವ ಮಷೀನ್‌ನಲ್ಲಿ ಫರ್ಮ್‌ವೇರ್‌ನ ಒಳ್ಳೆಯ ಪ್ರತಿ ಬೇರೆ ಕಡೆ ಇರುತ್ತದೆ. ಎಚ್‌ಪಿಯ ಬಿಸಿನೆಸ್ ಮಾದರಿಗಳಲ್ಲಿ ಶ್ಯೂರ್ ಸ್ಟಾರ್ಟ್ ಅಂತ ಇರುವುದು ಇದೇ, ಬೇರೆ ಒಂದು ಪುಟ್ಟ ಚಿಪ್ ಕಾವಲು ಕೂತು, ಬಯೋಸ್ ಕೆಟ್ಟರೆ ಪ್ರತಿಯಿಂದ ವಾಪಸ್ ಬರೆಯುತ್ತದೆ. ಬೇರೆ ದೊಡ್ಡ ಕಂಪನಿಗಳಲ್ಲೂ ಬಿಸಿನೆಸ್ ಸಾಲಿನಲ್ಲಿ ಇಂಥದ್ದು ಇದೆ. ಕೊಳ್ಳುವಾಗ 800-193 ಅನ್ನುವ ಸಂಖ್ಯೆ ಹೇಳಿ ಕೇಳಿ. ಸಂಖ್ಯೆ ಹೇಳಿ ಕೇಳಿದವರಿಗೆ ಬರುವ ಉತ್ತರದ ಧಾಟಿಯೇ ಬೇರೆ.

ಮೂರನೆಯ ಮಾದರಿ

ಇದು ಒಂದು ಬಿಸಿನೆಸ್ ಸಾಲು, ಹಿಂದಿನ ವರ್ಷದ ಪ್ರೊಸೆಸರ್, ನೋಡೋಕೆ ಇಟ್ಟಿಗೆ. ಸಾಲಿನ ಹಳೆಯ ಮಾದರಿಯ ಪುಟದಲ್ಲಿ ಮೂರನೇ ವರ್ಷದಲ್ಲೂ ಅಪ್‌ಡೇಟ್ ಬಂದಿದ್ದವು, ಲೋಗೋಫೇಲ್ ಸರಿಮಾಡಿದ ಆವೃತ್ತಿ 2024ರ ಫೆಬ್ರವರಿಯದು. ಆದರೆ ಸ್ಯಾಂಪಲ್‌ಗೆ ಬಂದ ಅಂಕಿ HSI:2. ಪಟ್ಟಿಯಲ್ಲಿ 3ಕ್ಕೆ ಏರದಂತೆ ತಡೆದ ಅಡ್ಡಗೀಟು ಬಿದ್ದಿದ್ದು ಒಂದೇ ಕಡೆ, `Pre-boot DMA protection`. ವಿಂಡೋಸ್‌ನಲ್ಲಿ `msinfo32` ತೆಗೆದರೂ `Kernel DMA Protection` ಎದುರು `Off` ಅಂತಲೇ ಇತ್ತು.

ಇದೇನು ಅಂದರೆ, ಥಂಡರ್‌ಬೋಲ್ಟ್‌ನಂಥ ಪೋರ್ಟ್‌ಗೆ ಚುಚ್ಚುವ ಸಾಧನಗಳು ಪ್ರೊಸೆಸರನ್ನು ಕೇಳದೆ ನೇರವಾಗಿ ರ‍್ಯಾಮ್‌ಗೆ ಕೈಹಾಕಬಲ್ಲವು. ವೇಗಕ್ಕಾಗಿ ಹಾಗೆ ಮಾಡಿದ್ದಾರೆ, ಅದಕ್ಕೇ ಡಿಎಂಎ ಅನ್ನುವುದು. ನಡುವೆ ಐಒಎಂಎಂಯು ಅನ್ನುವ ಕಾವಲು ಇಲ್ಲದಿದ್ದರೆ ನೀವು ಟೀಗೆ ಎದ್ದುಹೋದ ಐದು ನಿಮಿಷದಲ್ಲಿ ಲಾಕ್ ಆಗಿರುವ ಲ್ಯಾಪ್‌ಟಾಪ್‌ನಿಂದಲೂ ನೆನಪಿನಲ್ಲಿರುವುದನ್ನು ತೆಗೆಯಬಹುದು. ಅಂಥ ಪೋರ್ಟ್ ಇರುವ ಲ್ಯಾಪ್‌ಟಾಪನ್ನು ಹೊರಗೆ ಹೊತ್ತು ತಿರುಗುವವರಿಗೆ ಇದು ಬೇಕೇ ಬೇಕು.

ಬಯೋಸ್ ಸೆಟಪ್‌ಗೆ ಹೋಗಿ ನೋಡಿದರೆ ಆಯ್ಕೆ ಅಲ್ಲೇ ಇತ್ತು, ಕಾರ್ಖಾನೆಯಿಂದಲೇ ಆಫ್ ಆಗಿ ಬಂದಿತ್ತು. ವರ್ಚುವಲೈಸೇಷನ್ ವಿಭಾಗದಲ್ಲಿ ಐಒಎಂಎಂಯು ಆಯ್ಕೆಯ ಕೆಳಗಿನ ಡಿಎಂಎ ರಕ್ಷಣೆಯನ್ನು ಆನ್ ಮಾಡಿ, ಪೆನ್‌ಡ್ರೈವ್‌ನಿಂದ ಮತ್ತೆ ಅದೇ ಆಜ್ಞೆ ಓಡಿಸಿದಾಗ HSI:3 ಬಂತು. ಕೆಟ್ಟ ಅಂಕಿ ಬಂತು ಅಂತ ಮಷೀನನ್ನು ತಕ್ಷಣ ತಳ್ಳಬೇಡಿ ಅನ್ನೋದು ಇದಕ್ಕೇ. ತೆರೆದಿರುವ ಚಿಪ್ ಬೀಗ ನೀವು ಸರಿಮಾಡಲಾರಿರಿ, ಆಫ್ ಆಗಿರುವ ಆಯ್ಕೆ ಸರಿಮಾಡಬಲ್ಲಿರಿ.

ಸೆಟಪ್‌ನಲ್ಲಿ ಇದ್ದಾಗಲೇ ಬಯೋಸ್‌ನ ಸೂಪರ್‌ವೈಸರ್ ಪಾಸ್‌ವರ್ಡ್ ಹಾಕಿದೆವು, ಹಳೆಯ ಆವೃತ್ತಿಗೆ ಹಿಂದಿರುಗಲು ಬಿಡುವ ಆಯ್ಕೆಯನ್ನು ಆಫ್ ಮಾಡಿದೆವು. ಪಾಸ್‌ವರ್ಡ್ ಹಾಕದಿದ್ದರೆ ಮೇಲೆ ಮಾಡಿದ್ದೆಲ್ಲವನ್ನೂ ಯಾರು ಬೇಕಾದರೂ ಅರ್ಧ ನಿಮಿಷದಲ್ಲಿ ತಿರುಗಿಸಬಹುದು. ಸ್ಯಾಂಪಲ್‌ನಲ್ಲಿ ಒಂದು ತಮಾಷೆಯ ಪರೀಕ್ಷೆ ಮಾಡಿ: ಬೇಕಂತಲೇ ಮೂರು ಸಲ ತಪ್ಪು ಪಾಸ್‌ವರ್ಡ್ ಕೊಡಿ. ಕೆಲವು ಮಾದರಿಗಳು ಆಗ ತೆರೆಯ ಮೇಲೆ ಒಂದು ಕೋಡ್ ತೋರಿಸುತ್ತವೆ. ಅಂಥ ಎಷ್ಟೋ ಮಾದರಿಗಳಲ್ಲಿ ಆ ಕೋಡ್‌ನಿಂದ ಮಾಸ್ಟರ್ ಪಾಸ್‌ವರ್ಡ್ ಲೆಕ್ಕ ಹಾಕಿಕೊಡುವ ಪ್ರೋಗ್ರಾಂಗಳು ಹೊರಗೆ ಸಿಗುತ್ತವೆ. ಕೋಡ್ ಕಂಡರೆ ಅದರ ಪಾಸ್‌ವರ್ಡ್ ಮೇಲೆ ಭರವಸೆ ಇಡಬೇಡಿ. ಇನ್ನೊಂದು ಕಡೆ, ಗಟ್ಟಿ ಮಾದರಿಗಳಲ್ಲಿ ಪಾಸ್‌ವರ್ಡ್ ನೀವೇ ಮರೆತರೆ ಮದರ್‌ಬೋರ್ಡ್ ಬದಲಿಸಬೇಕಾಗಬಹುದು. ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ, ಲ್ಯಾಪ್‌ಟಾಪ್ ಬ್ಯಾಗಿನಲ್ಲಲ್ಲ.

ಟಿಪಿಎಂ ಬಗ್ಗೆ ಇಷ್ಟು ಹೊತ್ತು ಹೆಚ್ಚೇನೂ ಹೇಳಲಿಲ್ಲ ಅಂತ ಒಬ್ಬರು ನೆನಪಿಸಿದರು. ಸಂಕ್ಷೇಪವಾಗಿ: ಟಿಪಿಎಂ ಬೇರೆ ಚಿಪ್ ಆಗಿದ್ದರೆ, ಡಿಸ್ಕ್‌ನ ಕೀಲಿ ಆ ಚಿಪ್‌ನಿಂದ ಪ್ರೊಸೆಸರ್‌ಗೆ ಹೋಗುವ ತಂತಿಯ ಮೇಲೆ ಕದ್ದು ಕೇಳಬಹುದು. 2024ರಲ್ಲಿ ಒಬ್ಬ ಸಂಶೋಧಕ ಹಳೆಯ ಲ್ಯಾಪ್‌ಟಾಪ್ ಒಂದರಲ್ಲಿ, ಪುಟ್ಟ ಅಗ್ಗದ ಬೋರ್ಡ್ ಒಂದನ್ನು ಬಳಸಿ, 43 ಸೆಕೆಂಡ್‌ನೊಳಗೆ ಇದನ್ನು ಮಾಡಿ ತೋರಿಸಿದ. ಪ್ರೊಸೆಸರ್ ಒಳಗೇ ಟಿಪಿಎಂ ಇದ್ದರೆ ಆ ತಂತಿ ಇಲ್ಲ. ಆದರೆ ಯಾವುದೇ ಆಗಿರಲಿ, ಬಿಟ್‌ಲಾಕರ್‌ಗೆ ಒಂದು ಪಿನ್ ಸೇರಿಸಿದರೆ ಕದ್ದವನಿಗೆ ಕೆಲಸ ತುಂಬ ಕಷ್ಟ. ಪಿನ್ ಇಡುವ ಸೌಲಭ್ಯ ವಿಂಡೋಸ್ ಹೋಮ್‌ನಲ್ಲಿ ಇಲ್ಲ, ಪ್ರೊ ಬೇಕು. ಆರ್ಡರ್ ಕೊಡುವಾಗ ಇದನ್ನು ನೋಡಿಕೊಳ್ಳಿ, ಎಷ್ಟೋ ಜನ ಇಲ್ಲಿ ಎಡವುತ್ತಾರೆ.

ಕೊನೆಯ ಪ್ರಶ್ನೆ ಸೆಕೆಂಡ್ ಹ್ಯಾಂಡ್ ಬಗ್ಗೆ ಬಂತು, ದೊಡ್ಡ ಕಂಪನಿಗಳು ಬಿಟ್ಟ ಬಿಸಿನೆಸ್ ಲ್ಯಾಪ್‌ಟಾಪ್ ತಗೋಬಹುದಾ ಅಂತ. ಬೀಗ, ಕೀಲಿ ಎರಡರಲ್ಲೂ ಅವು ಹೊಸ ಅಗ್ಗದ ಮಷೀನ್‌ಗಿಂತ ಎಷ್ಟೋ ಮೇಲು ಇರಬಹುದು. ಮೂರನೆಯದರಲ್ಲಿ ಸೋಲುತ್ತವೆ, ಅಪ್‌ಡೇಟ್ ಇನ್ನೆಷ್ಟು ದಿನ ಅಂತ ಪುಟ ನೋಡಿಯೇ ಹೇಳಬೇಕು. ಬಯೋಸ್ ಪಾಸ್‌ವರ್ಡ್ ಉಳಿದಿದ್ದರೆ ಮುಟ್ಟಲೇಬೇಡಿ. ಹಳೆಯ ಮಾಲೀಕರ ದೂರನಿಯಂತ್ರಣ ಉಳಿದಿರುವುದೂ ಉಂಟು, ವಿಂಡೋಸ್ ಹೊಸದಾಗಿ ಹಾಕಿ ಇಂಟರ್‌ನೆಟ್‌ಗೆ ಸೇರಿಸಿದ ಕೂಡಲೇ ಬೇರೆ ಯಾವುದೋ ಕಂಪನಿಯ ಹೆಸರಿನ ಲಾಗಿನ್ ಬಂದರೆ ಅದೇ. ಹಣ ಕೊಡುವ ಮುಂಚೆ ಇಂಟರ್‌ನೆಟ್ ಹಾಕಿ ನೋಡಿ.

ಆ ಕಚೇರಿಯವರು ಮೂರನೆಯದನ್ನೇ ಹದಿನಾಲ್ಕು ತರಿಸಿದರು. ಪೆಟ್ಟಿಗೆ ಬಿಚ್ಚಿದ ದಿನ ಎಲ್ಲದರಲ್ಲೂ `msinfo32` ತೆಗೆದು `BIOS Version/Date` ಸಾಲನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆವು. ಹನ್ನೆರಡರಲ್ಲಿ ಸ್ಯಾಂಪಲ್‌ನಲ್ಲಿದ್ದ ಆವೃತ್ತಿಯೇ ಇತ್ತು. ಎರಡು ಹಳೇ ಸ್ಟಾಕಿನವು, ಅವುಗಳ ಆವೃತ್ತಿ ಎಂಟು ತಿಂಗಳು ಹಿಂದಿನದು, 2023ರ ಸರ್ಟಿಫಿಕೇಟ್ ಪರೀಕ್ಷೆಗೆ ಎರಡೂ `False` ಅಂದವು. ಅವೆರಡಕ್ಕೆ ಮೊದಲು ಬಯೋಸ್ ಅಪ್‌ಡೇಟ್, ಆಮೇಲೆ ವಿಂಡೋಸ್ ಅಪ್‌ಡೇಟ್, ಎರಡು ಸಲ ರೀಸ್ಟಾರ್ಟ್, ಮತ್ತೆ ಅದೇ ಸಾಲು. `True` ಬಂದ ಮೇಲೆ ಮೇಜಿಗೆ ಕೊಟ್ಟೆವು.